‘ಡೀವಿಯೇಷನ್: ನಿಲ್’ ಅಂತ ಬರೆಯೋ ಮುಂಚೆ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಹೊಲದಲ್ಲಿ ನಿಂತು ಯಾರೂ ‘ಟ್ರಾನ್ಸ್‌ಫಾರ್ಮರ್’ ಅನ್ನಲ್ಲ, ‘ಟಿ.ಸಿ.’ ಅಂತಾರೆ. ‘ಟಿ.ಸಿ. ಸುಟ್ಟೈತಿ’ ಅಂದ್ರೆ ಆ ಟಿ.ಸಿ. ಮೇಲಿರೋ ಎಲ್ಲ ಪಂಪ್‌ಸೆಟ್‌ಗಳೂ ಬಂದ್, ಕಬ್ಬಿಗೆ ನೀರು ಬಂದ್. ಅಲ್ಲಿಂದ ಒಂದು ಜಗಳ ಶುರುವಾಗುತ್ತೆ, ಅದು ಎಲ್ಲ ಊರಲ್ಲೂ ಒಂದೇ ಥರ ಇರುತ್ತೆ. ಲೈನ್‌ಮನ್ ಹೇಳ್ತಾರೆ, ‘ಮೋಟಾರ್ ಜಾಸ್ತಿ ಹಚ್ಚೀರಿ, ಅದಕ್ಕ ಸುಟ್ಟೈತಿ.’ ರೈತರು ಹೇಳ್ತಾರೆ, ‘ಮಾಲೇ ಖರಾಬ್ ಕೊಟ್ಟೀರಿ.’ ಇಬ್ಬರ ಕೈಯಲ್ಲೂ ಸಾಕ್ಷಿ ಇರಲ್ಲ. ಧ್ವನಿ ದೊಡ್ಡದಿದ್ದವರು ಗೆಲ್ತಾರೆ.

ಆದರೆ ಸಾಕ್ಷಿ ಇರಬೇಕಾದ ಒಂದು ಜಾಗ ಇದೆ. ಆ ಟಿ.ಸಿ. ಕಾರ್ಖಾನೆಯಿಂದ ಹೊರಡೋ ಮುಂಚೆ ಖರೀದಿದಾರರ ಕಡೆಯ ಎಂಜಿನಿಯರ್ ಒಬ್ಬರು ಅಲ್ಲಿಗೆ ಹೋಗಿ, ಅದರ ಟೆಸ್ಟ್‌ಗಳನ್ನು ಕಣ್ಣಾರೆ ನೋಡಿ, ಒಂದು ತಪಾಸಣಾ ವರದಿ ಬರೆದಿರ್ತಾರೆ. ಇದಕ್ಕೆ ಫ್ಯಾಕ್ಟರಿ ಅಕ್ಸೆಪ್ಟೆನ್ಸ್ ಟೆಸ್ಟ್, ಚಿಕ್ಕದಾಗಿ ‘ಫ್ಯಾಟ್’ ಅಂತಾರೆ. ವರದಿಯಲ್ಲಿ ಒಂದು ಕಾಲಂ ಇರುತ್ತೆ: ‘ಡೀವಿಯೇಷನ್’. ಅಂದ್ರೆ ಹೇಗಿರಬೇಕಿತ್ತು, ಹೇಗಿತ್ತು, ಅವೆರಡರ ನಡುವಿನ ಅಂತರ ಎಷ್ಟು ಅಂತ. ಕೊನೆಯಲ್ಲಿ ಇನ್ನೊಂದು ಸಾಲು: ಒಪ್ಪಿದೆಯಾ, ಇಲ್ಲವಾ.

ನನ್ನ ವಾದ ಇಷ್ಟೇ. ಆ ಡೀವಿಯೇಷನ್ ಕಾಲಂನಲ್ಲಿ ‘ನಿಲ್’ ಅಂತ ಬರೆಯೋದು ಒಳ್ಳೆ ಮಾಲಿನ ಗುರುತಲ್ಲ. ಬಹಳ ಸಲ ಅದು ಯಾರೂ ಸರಿಯಾಗಿ ನೋಡಿಲ್ಲ ಅನ್ನೋದರ ಗುರುತು. ಸಣ್ಣ ಡೀವಿಯೇಷನ್ ಕೂಡ ಬರೆದು, ‘ಆದರೂ ಯಾಕೆ ಒಪ್ಪಿದೆ’ ಅಥವಾ ‘ಯಾಕೆ ತಡೆದೆ’ ಅಂತ ಕಾರಣ ಬರೆದ ವರದಿಯೇ ಮುಂದೊಂದು ದಿನ ಹೊಲದಲ್ಲಿ ಕೆಲಸಕ್ಕೆ ಬರೋದು. ಇದನ್ನು ಒಂದು ಲೆಕ್ಕದ ಮೂಲಕ ತೋರಿಸ್ತೀನಿ. ಲೆಕ್ಕ ಕಷ್ಟದ್ದಲ್ಲ. ಸಿಎಸ್ ಗೆಳೆಯರೂ ಓದಬಹುದು.

ನಮ್ಮ ಲ್ಯಾಬ್‌ನ ಟೆಸ್ಟೇ ಅಲ್ಲೂ

ಇಲೆಕ್ಟ್ರಿಕಲ್‌ನವರು ಎರಡನೇ ವರ್ಷದಲ್ಲಿ ಓಸಿ ಟೆಸ್ಟ್, ಎಸ್‌ಸಿ ಟೆಸ್ಟ್ ಮಾಡ್ತೀವಲ್ಲ, ಕಾರ್ಖಾನೆಯಲ್ಲಿ ಮಾಡೋದೂ ಮೂಲದಲ್ಲಿ ಅದೇ. ಹೆಸರು ಮಾತ್ರ ಬೇರೆ. ಓಸಿ ಟೆಸ್ಟ್ ಅಲ್ಲಿ ‘ನೋ-ಲೋಡ್ ಲಾಸ್’ ಆಗುತ್ತೆ. ಟ್ರಾನ್ಸ್‌ಫಾರ್ಮರ್‌ಗೆ ಏನೂ ಜೋಡಿಸದಿದ್ದರೂ, ಸುಮ್ಮನೆ ಚಾರ್ಜ್ ಆಗಿ ನಿಂತಿದ್ದರೂ ಅದರ ಕೋರ್ ತಿನ್ನೋ ವಿದ್ಯುತ್ ಇದು. ಎಸ್‌ಸಿ ಟೆಸ್ಟ್ ಅಲ್ಲಿ ‘ಲೋಡ್ ಲಾಸ್’ ಆಗುತ್ತೆ. ಕರೆಂಟ್ ಹರಿದಾಗ ಸುತ್ತಿದ ತಂತಿ, ಅಂದ್ರೆ ವೈಂಡಿಂಗ್, ಬಿಸಿಯಾಗಿ ಹೋಗೋ ವಿದ್ಯುತ್ ಇದು.

ಇವುಗಳ ಜತೆ ಇನ್ನೂ ಕೆಲವು ಟೆಸ್ಟ್‌ಗಳಿವೆ. ವೈಂಡಿಂಗ್ ರೆಸಿಸ್ಟೆನ್ಸ್ ಅಳೀತಾರೆ. ಟರ್ನ್ಸ್ ರೇಶಿಯೋ ನೋಡ್ತಾರೆ. 11 ಕೆವಿ ಕಡೆಗೆ 28 ಕೆವಿ ಕೊಟ್ಟು ಒಂದು ನಿಮಿಷ ಇನ್ಸುಲೇಶನ್ ತಡೆಯುತ್ತಾ ಅಂತ ಪರೀಕ್ಷೆ ಮಾಡ್ತಾರೆ. ಟ್ಯಾಂಕಿನಿಂದ ಎಣ್ಣೆ ಸೋರುತ್ತಾ ಅಂತ ನೋಡ್ತಾರೆ. ಇನ್ಸುಲೇಶನ್ ಟೆಸ್ಟ್‌ನಲ್ಲಿ ವಾದಕ್ಕೆ ಜಾಗ ಇಲ್ಲ, ಒಂದೋ ತಡೆಯುತ್ತೆ, ಇಲ್ಲವೋ ಢಬ್ ಅನ್ನುತ್ತೆ. ವಾದಕ್ಕೆ ಜಾಗ ಇರೋದು ಲಾಸ್‌ನಲ್ಲಿ.

ಯಾಕಂದ್ರೆ ಲಾಸ್‌ಗೆ ಒಂದು ಗಡಿ ಇದೆ. ನಮ್ಮ ದೇಶದಲ್ಲಿ ವಿತರಣಾ ಟ್ರಾನ್ಸ್‌ಫಾರ್ಮರ್‌ಗಳ ಮಾನಕ ಐಎಸ್ 1180, ಅದರ ಮೊದಲ ಭಾಗ. 2014ರ ಆವೃತ್ತಿಯ ಪಟ್ಟಿ ತೆಗೆದುಕೊಂಡರೆ, 100 ಕೆವಿಎ, 11 ಕೆವಿ ಟಿ.ಸಿ.ಗೆ ಎರಡನೇ ದರ್ಜೆಯಲ್ಲಿ ಅರ್ಧ ಲೋಡ್‌ನಲ್ಲಿ ಒಟ್ಟು ಲಾಸ್ 475 ವ್ಯಾಟ್, ಪೂರ್ತಿ ಲೋಡ್‌ನಲ್ಲಿ 1650 ವ್ಯಾಟ್ ಮೀರಬಾರದು. ಈ ಅಂಕಿಗಳು ವೈಂಡಿಂಗ್ 75 ಡಿಗ್ರಿ ಬಿಸಿ ಇದ್ದಾಗಿನವು. ಇನ್ನೊಂದು ಮುಖ್ಯ ಮಾತು: ಇವು ಗರಿಷ್ಠ ಮಿತಿ, ಇವುಗಳ ಮೇಲೆ ಪ್ಲಸ್ ಟಾಲರೆನ್ಸ್ ಇಲ್ಲ. ‘ಸ್ವಲ್ಪ ಹೆಚ್ಚಾದ್ರೂ ಪರವಾಗಿಲ್ಲ’ ಅನ್ನೋ ಸಾಲು ಅಲ್ಲಿಲ್ಲ.

ಥರ್ಮಾಮೀಟರ್ ಎಲ್ಲಿ ಇಟ್ಟರು ಅನ್ನೋದು

ನನ್ನ ಮಾಮಾ ಒಬ್ಬರು ವಿದ್ಯುತ್ ಗುತ್ತಿಗೆ ಕೆಲಸ ಮಾಡ್ತಾರೆ. ರಜೆಯಲ್ಲಿ ಅವರ ಜತೆ ಹೋಗಿ ಒಂದು ಕಾರ್ಖಾನೆಯಲ್ಲಿ ಈ ಟೆಸ್ಟ್‌ಗಳನ್ನು ನೋಡಿದ್ದೆ. ಎಲ್ಲರೂ ವ್ಯಾಟ್‌ಮೀಟರ್ ಕಡೆ ನೋಡ್ತಾ ನಿಂತಿದ್ರು. ಮಾಮಾ ನನ್ನ ಕಿವಿಯಲ್ಲಿ ಹೇಳಿದ್ರು, ‘ಮೀಟರ್ ಎಲ್ಲಾರೂ ನೋಡ್ತಾರವಾ. ನೀ ಥರ್ಮಾಮೀಟರ್ ಎಲ್ಲಿ ಐತಿ ನೋಡು.’

ಯಾಕೆ ಅಂತ ಹೇಳ್ತೀನಿ. ಲೋಹ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ ಜಾಸ್ತಿಯಾಗುತ್ತೆ, ಲೋಡ್ ಲಾಸ್ ಕೂಡ ಜಾಸ್ತಿಯಾಗುತ್ತೆ. ಮಾನಕ ಕೇಳೋದು 75 ಡಿಗ್ರಿಯ ಲಾಸ್. ಆದರೆ ಕಾರ್ಖಾನೆಯಲ್ಲಿ ಟೆಸ್ಟ್ ಮಾಡೋವಾಗ ಟ್ರಾನ್ಸ್‌ಫಾರ್ಮರ್ ತಣ್ಣಗಿರುತ್ತೆ, 25-30 ಡಿಗ್ರಿ. ಹಾಗಾಗಿ ತಣ್ಣಗಿದ್ದಾಗ ಅಳೆದು, ಲೆಕ್ಕ ಹಾಕಿ 75 ಡಿಗ್ರಿಗೆ ಏರಿಸಬೇಕು. ಎಷ್ಟು ಏರಿಸಬೇಕು ಅನ್ನೋದು ಅಳೆದಾಗ ವೈಂಡಿಂಗ್ ಎಷ್ಟು ಬಿಸಿ ಇತ್ತು ಅನ್ನೋದರ ಮೇಲೆ ನಿಂತಿದೆ. ವೈಂಡಿಂಗ್ ಇದ್ದದ್ದಕ್ಕಿಂತ ಬಿಸಿ ಇತ್ತು ಅಂತ ಬರೆದುಕೊಂಡರೆ ಏರಿಸೋದು ಕಡಿಮೆ ಸಾಕಾಗುತ್ತೆ, ಉತ್ತರ ಚಿಕ್ಕದಾಗಿ ಬರುತ್ತೆ, ಮಾಲು ಪಾಸಾಗುತ್ತೆ.

ವೈಂಡಿಂಗ್ ಒಳಗೆ ಥರ್ಮಾಮೀಟರ್ ತೂರಿಸೋಕಾಗಲ್ಲ. ಅದು ಎಣ್ಣೆಯಲ್ಲಿ ಮುಳುಗಿದೆ. ಟ್ರಾನ್ಸ್‌ಫಾರ್ಮರ್‌ಗೆ ಕರೆಂಟ್ ಕೊಡದೆ ಕೆಲವು ಗಂಟೆ ಸುಮ್ಮನೆ ಬಿಟ್ಟರೆ ವೈಂಡಿಂಗ್‌ನ ತಾಪಮಾನ ಎಣ್ಣೆಯ ಸರಾಸರಿ ತಾಪಮಾನಕ್ಕೆ ಬಂದು ನಿಲ್ಲುತ್ತೆ. ‘ಸರಾಸರಿ’ ಅನ್ನೋ ಪದ ಗಮನಿಸಿ. ಬಿಸಿ ಎಣ್ಣೆ ಮೇಲಕ್ಕೆ ಬರುತ್ತೆ, ತಂಪು ಎಣ್ಣೆ ಕೆಳಗೆ ಉಳಿಯುತ್ತೆ. ಥರ್ಮಾಮೀಟರ್ ಇಡೋ ಪಾಕೆಟ್ ಇರೋದು ಟ್ಯಾಂಕಿನ ಮೇಲ್ಭಾಗದಲ್ಲಿ. ಅಲ್ಲಿಯ ಅಂಕಿಯನ್ನೇ ವೈಂಡಿಂಗ್‌ನ ತಾಪಮಾನ ಅಂತ ಬರೆದುಕೊಂಡರೆ ಅದು ನಿಜಕ್ಕಿಂತ ಹೆಚ್ಚಾಗಿರುತ್ತೆ.

ಈಗ ಲೆಕ್ಕ. ಇದರ ಅಂಕಿಗಳು ನಾನು ಉದಾಹರಣೆಗೆ ಅಂತ ಹಾಕಿಕೊಂಡವು, ಯಾವ ಕಾರ್ಖಾನೆಯವೂ ಅಲ್ಲ. 100 ಕೆವಿಎ ಟಿ.ಸಿ., ಅಲ್ಯುಮಿನಿಯಂ ವೈಂಡಿಂಗ್. ನೋ-ಲೋಡ್ ಲಾಸ್ 172 ವ್ಯಾಟ್ ಬಂತು. ಪೂರ್ತಿ ಕರೆಂಟ್‌ನಲ್ಲಿ ಲೋಡ್ ಲಾಸ್ 1040 ವ್ಯಾಟ್ ಬಂತು. ಈ 1040ರಲ್ಲಿ ಎರಡು ಪಾಲು ಇದೆ. ವೈಂಡಿಂಗ್ ರೆಸಿಸ್ಟೆನ್ಸ್‌ನಿಂದ ಆಗೋದು 960 ವ್ಯಾಟ್, ಉಳಿದ 80 ವ್ಯಾಟ್ ಟ್ಯಾಂಕಿನ ಗೋಡೆ, ಕ್ಲ್ಯಾಂಪು ಅಂತ ಅಲ್ಲಿಲ್ಲಿ ಹೋಗೋ ಸ್ಟ್ರೇ ಲಾಸ್. ಬಿಸಿಯಾದರೆ ಮೊದಲನೇ ಪಾಲು ಏರುತ್ತೆ, ಎರಡನೇ ಪಾಲು ಇಳಿಯುತ್ತೆ.

ಮೇಲಿನ ಥರ್ಮಾಮೀಟರ್ 30 ಡಿಗ್ರಿ ತೋರಿಸ್ತಿದೆ. ಅಲ್ಯುಮಿನಿಯಂಗೆ ಏರಿಕೆಯ ಗುಣಕ ಹೀಗೆ:

```
k = (225 + 75) / (225 + 30) = 1.1765
960 × k + 80 / k = 1129.4 + 68.0 = 1197.4 W
172 + 1197.4 / 4 = 471.4 W
```

ಕೊನೆಯ ಸಾಲಿನಲ್ಲಿ ನಾಲ್ಕರಿಂದ ಭಾಗಿಸಿದ್ದು ಯಾಕಂದ್ರೆ ಅರ್ಧ ಲೋಡ್ ಅಂದ್ರೆ ಅರ್ಧ ಕರೆಂಟ್, ಲಾಸ್ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತೆ, ಹಾಗಾಗಿ ಕಾಲು ಭಾಗ. ಉತ್ತರ 471.4, ಗಡಿ 475. ಪಾಸ್. ಪೂರ್ತಿ ಲೋಡ್‌ನಲ್ಲಿ 1370ರ ಹತ್ತಿರ, 1650ರ ಗಡಿಯಿಂದ ಬಹಳ ಕೆಳಗೆ. ಎಲ್ಲ ಚೆನ್ನಾಗಿದೆ, ಚಹಾ ಕುಡಿದು ಸಹಿ ಹಾಕಬಹುದು.

ಈಗ ಟ್ಯಾಂಕಿನ ಕೆಳಭಾಗದ ಎಣ್ಣೆಯ ತಾಪಮಾನ ನೋಡಿದೆವು ಅಂದುಕೊಳ್ಳಿ. 22 ಡಿಗ್ರಿ. ಹಿಂದಿನ ಸಂಜೆ ಬಿಸಿ ಎಣ್ಣೆ ತುಂಬಿದ್ರು, ಅದು ಪೂರ್ತಿ ತಣ್ಣಗಾಗಿಲ್ಲ, ಮೇಲೆ ಬೆಚ್ಚಗೆ, ಕೆಳಗೆ ತಂಪು. ಸರಾಸರಿ 26. ಅದೇ ಅಳತೆ, ಅದೇ ಮೀಟರ್, ಬರೀ ಈ ಒಂದು ಅಂಕಿ ಬದಲಾಯಿಸೋಣ:

```
k = (225 + 75) / (225 + 26) = 1.1952
960 × k + 80 / k = 1147.4 + 66.9 = 1214.3 W
172 + 1214.3 / 4 = 475.6 W
```

475.6. ಗಡಿ 475. ಫೇಲ್.

ನಾಲ್ಕು ಡಿಗ್ರಿ ವ್ಯತ್ಯಾಸ, ಅಷ್ಟೇ. ಯಾರೂ ಮೀಟರ್ ತಿದ್ದಿಲ್ಲ, ಯಾರೂ ಸುಳ್ಳು ಅಂಕಿ ಬರೆದಿಲ್ಲ. ಥರ್ಮಾಮೀಟರ್ ಮೇಲಿತ್ತು, ಅಲ್ಲಿ ಏನು ಕಂಡಿತೋ ಅದನ್ನೇ ಬರೆದರು. ಆದರೂ ಫೇಲ್ ಆಗಬೇಕಾದ ಮಾಲು ಪಾಸ್ ಆಯ್ತು.

ಕೆಳಗಿನ ತಾಪಮಾನ ಯಾರೂ ಬರೆದಿಡದಿದ್ದರೂ ಇದನ್ನು ಪತ್ತೆ ಹಚ್ಚೋಕೆ ಒಂದು ದಾರಿ ಇದೆ. ಒಂದೇ ಡಿಸೈನ್‌ನ ಹತ್ತಿಪ್ಪತ್ತು ಟಿ.ಸಿ. ಸಾಲಾಗಿ ನಿಂತಿರ್ತವೆ. ಅವೆಲ್ಲವುಗಳ ವೈಂಡಿಂಗ್ ರೆಸಿಸ್ಟೆನ್ಸ್ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲದರ ಮುಂದೆ ‘30 ಡಿಗ್ರಿ’ ಅಂತ ಬರೆದಿದ್ದು, ಒಂದರದ್ದು ಮಾತ್ರ ಉಳಿದವಕ್ಕಿಂತ ಶೇ 1.6ರಷ್ಟು ಕಡಿಮೆ ಬಂದಿದ್ರೆ ಅನುಮಾನ ಪಡಬೇಕು. 251ಕ್ಕೂ 255ಕ್ಕೂ ಇರೋ ಅಂತರ ಅದೇ ಶೇ 1.6. ಆ ಟಿ.ಸಿ. 30ರಲ್ಲಿ ಇರಲಿಲ್ಲ, 26ರಲ್ಲಿ ಇತ್ತು ಅಂತ ಅದರ ತಂತಿಯೇ ಹೇಳ್ತಿದೆ. ತಂತಿಯ ದಪ್ಪದಲ್ಲಿ ಸಣ್ಣ ವ್ಯತ್ಯಾಸ ಇದ್ದರೂ ಹೀಗಾಗಬಹುದು, ಹಾಗಾಗಿ ಇದು ತೀರ್ಪಲ್ಲ, ಮತ್ತೆ ಅಳೆಯೋಕೆ ಸಾಕಷ್ಟು ಕಾರಣ.

‘ಅರ್ಧ ವ್ಯಾಟಿಗೆ ಇಷ್ಟು ರಾದ್ಧಾಂತಾನಾ?’

ಈ ಪ್ರಶ್ನೆ ನ್ಯಾಯವಾದದ್ದೇ. 0.6 ವ್ಯಾಟ್ ಅಂದ್ರೆ ಅರ್ಧ ಲೋಡ್‌ನಲ್ಲಿ ವರ್ಷಪೂರ್ತಿ ನಡೆದರೂ ಐದೂಕಾಲು ಯೂನಿಟ್ ಚಿಲ್ಲರೆ. ಯಾರ ಮನೆಯೂ ಮುಳುಗಲ್ಲ. ಅಲ್ಲದೆ ಅಳೆಯೋ ಉಪಕರಣಕ್ಕೇ ಒಂದಷ್ಟು ಅನಿಶ್ಚಿತತೆ ಇರುತ್ತೆ. ಶೇ ಅರ್ಧದಷ್ಟು ಅಂತ ಇಟ್ಟುಕೊಂಡರೂ 475ರಲ್ಲಿ ಎರಡೂಕಾಲು ವ್ಯಾಟ್ ಮೇಲಾಯ್ತು. 0.6 ಅದರೊಳಗೇ ಮುಚ್ಚಿಹೋಗುತ್ತೆ. ಹಾಗಿದ್ದ ಮೇಲೆ ಕಾರ್ಖಾನೆಯವರು ‘ಇದು ಫೇಲ್ ಅಂತ ಹೆಂಗ್ ಹೇಳ್ತೀರಿ?’ ಅಂದ್ರೆ ಏನು ಉತ್ತರ?

ನನ್ನ ಉತ್ತರ ಎರಡು ಭಾಗದ್ದು.

ಮೊದಲನೆಯದು: ಅನಿಶ್ಚಿತತೆಯ ಭಾರ ಯಾರು ಹೊರಬೇಕು ಅನ್ನೋದು ಮೊದಲೇ ನಿರ್ಧಾರ ಆಗಿರಬೇಕು, ಟೆಸ್ಟ್ ಬೆಂಚ್ ಮುಂದೆ ನಿಂತು ಅಲ್ಲ. ಗಡಿ 475, ಪ್ಲಸ್ ಟಾಲರೆನ್ಸ್ ಇಲ್ಲ ಅಂತ ಕಾರ್ಖಾನೆಗೆ ಡಿಸೈನ್ ಮಾಡೋವಾಗಲೇ ಗೊತ್ತಿತ್ತು. 460ಕ್ಕೆ ಡಿಸೈನ್ ಮಾಡಬಹುದಿತ್ತು. ಸ್ವಲ್ಪ ಹೆಚ್ಚು ಅಲ್ಯುಮಿನಿಯಂ, ಸ್ವಲ್ಪ ಒಳ್ಳೆ ಕೋರ್ ಸ್ಟೀಲ್ ಹಾಕಿದ್ರೆ ಆಗ್ತಿತ್ತು. 471ಕ್ಕೆ ಡಿಸೈನ್ ಮಾಡಿ ಆ ಲೋಹ ಉಳಿಸಿಕೊಂಡವರು ಅದರ ಜತೆ ಬರೋ ರಿಸ್ಕ್ ಕೂಡ ತಾವೇ ಇಟ್ಟುಕೊಳ್ಳಬೇಕು. ಉಳಿತಾಯ ಅವರದು, ರಿಸ್ಕ್ ರೈತರದು ಅನ್ನೋದು ನನಗೆ ಒಪ್ಪಿಗೆಯಿಲ್ಲ.

ಎರಡನೆಯದು ಇನ್ನೂ ಮುಖ್ಯ. ಇಲ್ಲಿ ತಪ್ಪಿರೋದು 0.6 ವ್ಯಾಟ್ ಅಲ್ಲ, ನಾಲ್ಕು ಡಿಗ್ರಿ. ಆ ಥರ್ಮಾಮೀಟರ್‌ನಲ್ಲಿ, ಆ ಅಭ್ಯಾಸದಲ್ಲಿ ಅಳೆದದ್ದು ಒಂದೇ ಟಿ.ಸಿ. ಅಲ್ಲ. ಲಾಟ್‌ನಲ್ಲಿ 20 ಇದ್ದರೆ 20ರ ಟೆಸ್ಟ್ ಶೀಟ್ ಕೂಡ ಹಾಗೇ ತಯಾರಾಗಿರುತ್ತೆ. ಖರೀದಿದಾರರ ಎದುರು ಎಲ್ಲವನ್ನೂ ಮತ್ತೆ ಟೆಸ್ಟ್ ಮಾಡಲ್ಲ. ಲಾಟ್‌ನ ಶೇ 10ರಷ್ಟು ಮಾದರಿ ಆರಿಸಿ ಮಾಡೋದು ವಾಡಿಕೆ, ಅಂದ್ರೆ 20ರಲ್ಲಿ 2. ಉಳಿದ 18ಕ್ಕೆ ಕಾರ್ಖಾನೆಯ ಸ್ವಂತ ಶೀಟೇ ಆಧಾರ. ಹಾಗಾಗಿ ಮಾದರಿಯಲ್ಲಿ ಸಿಕ್ಕ ಡೀವಿಯೇಷನ್ ಆ ಒಂದು ಮಾಲಿನ ಬಗ್ಗೆ ಮಾತ್ರ ಅಲ್ಲ, ಉಳಿದ 18 ಶೀಟ್‌ಗಳನ್ನು ಎಷ್ಟು ನಂಬಬಹುದು ಅನ್ನೋದರ ಬಗ್ಗೆ. ಅದಕ್ಕೇ ಆ ಎರಡನ್ನು ಆರಿಸೋದು ಖರೀದಿದಾರರ ಎಂಜಿನಿಯರ್ ಆಗಿರಬೇಕು, ಅಂಗಳದಲ್ಲಿ ನಿಂತಿರೋ ಸಾಲಿನಿಂದ, ಸೀರಿಯಲ್ ನಂಬರ್ ನೋಡಿ. ಬೆಂಚ್ ಮೇಲೆ ಮೊದಲೇ ಒರೆಸಿ ಇಟ್ಟಿರೋ ಎರಡನ್ನು ಟೆಸ್ಟ್ ಮಾಡಿ ಬರೋದಲ್ಲ.

ಹಾಗಾದರೆ ಏನು ಬರೀಬೇಕು

ಎಲ್ಲ ಡೀವಿಯೇಷನ್‌ಗಳೂ ಒಂದೇ ತೂಕದವಲ್ಲ. ನಮ್ಮ ಉದಾಹರಣೆಯಲ್ಲೇ ಇನ್ನೆರಡು ಸೇರಿಸೋಣ. ಎರಡನೇ ಮಾದರಿಯಲ್ಲಿ ಲೋ ವೋಲ್ಟೇಜ್ ಬುಶಿಂಗ್‌ನ ಗ್ಯಾಸ್ಕೆಟ್ ಹತ್ತಿರ ಎಣ್ಣೆ ಜಿನುಗ್ತಿದೆ. ಮತ್ತೊಂದು ಟಿ.ಸಿ.ಯ ನೇಮ್‌ಪ್ಲೇಟ್ ಮೇಲಿನ ಸೀರಿಯಲ್ ನಂಬರಿಗೂ ಟೆಸ್ಟ್ ಶೀಟ್‌ನ ನಂಬರಿಗೂ ಒಂದು ಅಂಕಿ ವ್ಯತ್ಯಾಸ.

ಗ್ಯಾಸ್ಕೆಟ್ ಅಲ್ಲೇ ಬದಲಾಯಿಸಿ, ಮತ್ತೆ ಸೋರಿಕೆ ಟೆಸ್ಟ್ ಮಾಡಿ ಮುಗಿಸಬಹುದು. ಆದರೆ ‘ಸರಿಪಡಿಸಿದ್ರಲ್ಲ, ಇನ್ನೇನು ಬರೆಯೋದು’ ಅಂತ ಬಿಟ್ಟರೆ, ಆರು ತಿಂಗಳ ನಂತರ ಹೊಲದಲ್ಲಿ ಅದೇ ಜಾಗದಿಂದ ಎಣ್ಣೆ ಸೋರಿದಾಗ ಇದು ಹಳೇ ರೋಗ ಅಂತ ಯಾರಿಗೂ ತಿಳಿಯಲ್ಲ. ನೇಮ್‌ಪ್ಲೇಟ್ ನೋಡೋಕೆ ಕಾಗದದ ತಪ್ಪು ಅನ್ಸುತ್ತೆ. ಆದರೆ ಆ ನಂಬರ್ ತಪ್ಪಾದರೆ ಆ ಟಿ.ಸಿ.ಗೂ ಅದರ ಟೆಸ್ಟ್ ಶೀಟಿಗೂ ಸಂಬಂಧವೇ ಕಡಿದುಹೋಯ್ತು. ಟೆಸ್ಟ್ ಎಷ್ಟೇ ಚೆನ್ನಾಗಿ ಮಾಡಿರಲಿ, ಯಾವ ಟಿ.ಸಿ.ಯದು ಅಂತ ಹೇಳೋಕಾಗಲ್ಲ.

ಲಾಸ್ ವಿಷಯದಲ್ಲಿ ಅದೇ ದಿನ ‘ಒಪ್ಪಿದೆ’ ಅಂತಲೂ ಬರೀಬಾರದು, ‘ತಿರಸ್ಕರಿಸಿದೆ’ ಅಂತಲೂ ಬರೀಬಾರದು ಅನ್ನೋದು ನನ್ನ ಅಭಿಪ್ರಾಯ. ಮೇಲೆ 30, ಕೆಳಗೆ 22 ಇದ್ದಾಗ ವೈಂಡಿಂಗ್ ನಿಜಕ್ಕೂ 26ರಲ್ಲೇ ಇತ್ತು ಅಂತಲೂ ಗಟ್ಟಿಯಾಗಿ ಹೇಳೋಕಾಗಲ್ಲ. ಮೇಲೆ ಕೆಳಗೆ ಇಷ್ಟು ಅಂತರ ಇರೋವಾಗ ಅಳೆಯಲೇಬಾರದಿತ್ತು. ರಾತ್ರಿಯಿಡೀ ಕರೆಂಟ್ ಕೊಡದೆ ಬಿಟ್ಟು, ಬೆಳಿಗ್ಗೆ ಮೇಲೂ ಕೆಳಗೂ ಸುಮಾರು ಒಂದೇ ತಾಪಮಾನ ಬಂದ ಮೇಲೆ ರೆಸಿಸ್ಟೆನ್ಸ್ ಮತ್ತು ಲೋಡ್ ಲಾಸ್ ಎರಡನ್ನೂ ಒಟ್ಟಿಗೆ ಅಳೆಯಬೇಕು. ಆಗಲೂ 475 ಮೀರಿದ್ರೆ ಆ ಟಿ.ಸಿ. ವಾಪಸ್, ಉಳಿದ 18ಕ್ಕೂ ಅದೇ ರೀತಿ ಮರು ಅಳತೆ. ಮೀರದಿದ್ರೆ ಒಪ್ಪಿಗೆ, ಎರಡೂ ದಿನದ ಅಂಕಿ ವರದಿಯಲ್ಲಿ.

ವರದಿಯಲ್ಲಿ ಆ ಸಾಲು ಹೀಗಿರಬಹುದು:

‘ಡೀವಿಯೇಷನ್ 1: ಮಾದರಿ 1ರಲ್ಲಿ ಲೋಡ್ ಲಾಸ್ ಅಳೆಯುವಾಗ ಎಣ್ಣೆಯ ತಾಪಮಾನ ಮೇಲೆ 30, ಕೆಳಗೆ 22 ಡಿಗ್ರಿ. ಕಾರ್ಖಾನೆಯ ಶೀಟ್‌ನಲ್ಲಿ 30 ಮಾತ್ರ ಬಳಸಲಾಗಿದೆ. ಅದರಂತೆ ಅರ್ಧ ಲೋಡ್ ಲಾಸ್ 471.4 ವ್ಯಾಟ್. ಸರಾಸರಿ 26 ಬಳಸಿದರೆ 475.6 ವ್ಯಾಟ್. ಮಿತಿ 475. ತೀರ್ಮಾನ: ಲಾಟ್ ತಡೆಹಿಡಿಯಲಾಗಿದೆ. ತಾಪಮಾನ ಸಮವಾದ ನಂತರ ನಮ್ಮ ಸಮ್ಮುಖದಲ್ಲಿ ಮರು ಅಳತೆ. ಕಾರಣ: ಅಳತೆಯ ವಿಧಾನವು ಲಾಟ್‌ನ ಎಲ್ಲ ಶೀಟ್‌ಗಳಿಗೂ ಅನ್ವಯಿಸುತ್ತದೆ.’

ಏಳೆಂಟು ಸಣ್ಣ ವಾಕ್ಯ. ಇದರಲ್ಲಿ ಯಾರನ್ನೂ ಕಳ್ಳ ಅಂದಿಲ್ಲ. ಏನಿತ್ತು, ಏನಿರಬೇಕಿತ್ತು, ಏನು ಮಾಡಿದೆವು, ಯಾಕೆ ಮಾಡಿದೆವು ಅಷ್ಟೇ ಇದೆ. ನಾಳೆ ಬೇರೆ ಎಂಜಿನಿಯರ್ ಬಂದು ಓದಿದರೂ ಲೆಕ್ಕ ಮತ್ತೆ ಹಾಕಿ ನೋಡಬಹುದು. ‘ಲಾಸ್ ಸಮಾಧಾನಕರ’ ಅಂತ ಬರೆದಿದ್ದರೆ ಅವರಿಗೆ ಏನೂ ಸಿಗ್ತಿರಲಿಲ್ಲ.

ಇದಕ್ಕೆ ಬರೋ ಆಕ್ಷೇಪ ನನಗೆ ಗೊತ್ತು. ಬೇಸಿಗೆ ಶುರುವಾಗಿದೆ, ಕಬ್ಬು ಒಣಗ್ತಿದೆ, ಸ್ಟೋರ್‌ನಲ್ಲಿ ಟಿ.ಸಿ. ಇಲ್ಲ, ಅಂಥ ಹೊತ್ತಲ್ಲಿ ಲಾಟ್ ತಡೆದ್ರೆ ತೊಂದರೆ ಆಗೋದು ಅದೇ ರೈತರಿಗೆ ತಾನೆ? ನಿಜ. ಆದರೆ ಇಲ್ಲಿ ತಡೆ ಅಂದ್ರೆ ತಿಂಗಳಲ್ಲ, ಒಂದು ರಾತ್ರಿ ಮತ್ತು ಮರುದಿನದ ಅಳತೆ. ತೀರಾ ತುರ್ತು ಇದ್ದು, ಮೇಲಿನ ಅಧಿಕಾರಿ ‘ಕಳಿಸಿ’ ಅಂದ್ರೆ ಕಳಿಸಲಿ. ಆಗ ‘ತುರ್ತು ಕಾರಣಕ್ಕೆ, ಇಂಥವರ ಆದೇಶದಂತೆ, ಈ ಡೀವಿಯೇಷನ್ ಸಮೇತ ಒಪ್ಪಲಾಗಿದೆ’ ಅಂತ ಬರೆದು ಕಳಿಸಲಿ. ಒಪ್ಪೋದು ತಪ್ಪಲ್ಲ. ಒಪ್ಪಿದ್ದನ್ನು ಮುಚ್ಚಿಡೋದಕ್ಕೆ ನನ್ನ ವಿರೋಧ.

ಈ ವರದಿಗೆ ಆಗದ ಕೆಲಸ, ಆಗೋ ಕೆಲಸ

ಒಂದು ಮಾತು ಸ್ಪಷ್ಟ ಮಾಡಬೇಕು. ಫ್ಯಾಟ್ ಸರಿಯಾಗಿ ಮಾಡಿದ್ರೆ ಟಿ.ಸಿ. ಸುಡೋದು ನಿಲ್ಲುತ್ತೆ ಅಂತ ನಾನು ಹೇಳ್ತಿಲ್ಲ. ಸುಡೋಕೆ ಹೊಲದಲ್ಲೇ ಬೇಕಾದಷ್ಟು ಕಾರಣ ಇವೆ. 5 ಎಚ್‌ಪಿ ಪಂಪ್ ಒಂದು ಸುಮಾರು 5 ಕೆವಿಎ ಎಳೆಯುತ್ತೆ ಅಂದ್ರೆ 100 ಕೆವಿಎ ಟಿ.ಸಿ.ಗೆ 20 ಪಂಪ್ ತುಂಬಿಹೋಯ್ತು. ಅದರ ಮೇಲೆ 30 ಹಚ್ಚಿದ್ರೆ ಯಾವ ಕಾರ್ಖಾನೆಯ ಮಾಲೂ ತಡೆಯಲ್ಲ. ಫ್ಯೂಸ್ ಹೋದಾಗ ದಪ್ಪ ತಂತಿ ಕಟ್ಟೋದು, ಎಣ್ಣೆ ಕಡಿಮೆಯಾದರೂ ನೋಡದಿರೋದು, ಅರ್ಥಿಂಗ್ ಕಿತ್ತುಹೋಗಿರೋದು, ಇವೆಲ್ಲ ಆ ವರದಿಯ ಆಚೆಗಿನ ವಿಷಯ. ಶಾರ್ಟ್ ಸರ್ಕ್ಯೂಟ್ ಆದಾಗ ವೈಂಡಿಂಗ್ ಗಟ್ಟಿಯಾಗಿ ನಿಲ್ಲುತ್ತಾ ಅನ್ನೋದನ್ನು ಕೂಡ ಈ ದಿನನಿತ್ಯದ ಟೆಸ್ಟ್‌ಗಳು ಹೇಳಲ್ಲ. ಅದು ಒಂದು ಡಿಸೈನ್‌ಗೆ ಒಮ್ಮೆ ಮಾಡೋ ಬೇರೆ ಟೆಸ್ಟ್. ಅದಕ್ಕೇ ಲಾಟ್‌ನ ಒಂದು ಟಿ.ಸಿ.ಯನ್ನು ಟ್ಯಾಂಕಿನಿಂದ ಮೇಲೆತ್ತಿ, ಒಳಗಿನ ಕೋರ್ ಮತ್ತು ಕಾಯಿಲ್ ಆ ಟೆಸ್ಟ್ ಪಾಸಾದ ಡಿಸೈನ್‌ನಂತೆಯೇ ಇವೆಯಾ ಅಂತ ಅಳೆದು ನೋಡೋದು.

ಹಾಗಾದರೆ ವರದಿಯ ಉಪಯೋಗ ಏನು? ಟಿ.ಸಿ. ಹುಟ್ಟಿದ ದಿನ ಹೇಗಿತ್ತು ಅನ್ನೋದು ಅದರಲ್ಲಿ ಮಾತ್ರ ಇರುತ್ತೆ. ಗ್ಯಾರಂಟಿ ಅವಧಿಯಲ್ಲಿ ಸುಟ್ಟ ಟಿ.ಸಿ. ರಿಪೇರಿ ಕೇಂದ್ರಕ್ಕೆ ಬಂತು ಅಂದುಕೊಳ್ಳಿ. ಮೂರರಲ್ಲಿ ಒಂದು ಫೇಸ್‌ನ ವೈಂಡಿಂಗ್ ಸುಟ್ಟಿದೆ, ಎರಡು ಸರಿ ಇವೆ. ಸರಿ ಇರೋ ಎರಡರ ರೆಸಿಸ್ಟೆನ್ಸ್ ಅಳೆದು ಹುಟ್ಟಿದ ದಿನದ ಅಂಕಿಯ ಜತೆ, ತಾಪಮಾನ ಸರಿದೂಗಿಸಿ, ಹೋಲಿಸಬಹುದು. ಅಂಕಿ ಕೂಡಿದರೆ ಟೆಸ್ಟ್ ಆದ ಮಾಲೇ ಹೊಲಕ್ಕೆ ಬಂದಿದೆ ಅನ್ನೋದಕ್ಕೆ ಅದೊಂದು ಆಧಾರ. ಕೂಡದಿದ್ದರೆ ಪ್ರಶ್ನೆ ಕಾರ್ಖಾನೆಗೆ. ಸುಟ್ಟಿರೋದು ಗ್ಯಾಸ್ಕೆಟ್ ಜಿನುಗಿದ್ದ ಅದೇ ಸೀರಿಯಲ್ ನಂಬರ್ ಆಗಿದ್ದು, ಒಳಗೆ ಎಣ್ಣೆ ಕಡಿಮೆ ಇದ್ದರೆ ಆಗಲೂ ಮೊದಲ ಪ್ರಶ್ನೆ ಕಾರ್ಖಾನೆಗೆ, ‘ಮೋಟಾರ್ ಜಾಸ್ತಿ ಹಚ್ಚೀರಿ’ ಅನ್ನೋ ಮಾತು ಆಮೇಲೆ. ಆದರೆ ಹುಟ್ಟಿದ ದಿನದ ತಾಪಮಾನವೇ ನಾಲ್ಕು ಡಿಗ್ರಿ ತಪ್ಪಿದ್ದರೆ, ಅಥವಾ ಕಾಲಂನಲ್ಲಿ ‘ನಿಲ್’ ಇದ್ದರೆ, ಈ ಯಾವ ಹೋಲಿಕೆಯೂ ನಿಲ್ಲಲ್ಲ. ಆಗ ಮತ್ತೆ ಧ್ವನಿ ದೊಡ್ಡದಿದ್ದವರದ್ದೇ ಮೇಲುಗೈ.

ಇಲ್ಲಿ ನಮ್ಮ ಮೂರು ತಾಲೂಕುಗಳಿಗೆ ಒಂದು ವಿಶೇಷ ಇದೆ. ಗೋಕಾಕ ಮತ್ತು ಅದರಿಂದ ಬೇರೆಯಾಗಿ ತಾಲೂಕಾದ ಮೂಡಲಗಿಗೆ ವಿದ್ಯುತ್ ಕೊಡೋದು ಹೆಸ್ಕಾಂ. ಪಕ್ಕದ ಹುಕ್ಕೇರಿಯಲ್ಲಿ ಮಾತ್ರ 1969ರಲ್ಲಿ ನೋಂದಣಿಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ದೇಶದಲ್ಲಿ ಮೊದಲು ಹುಟ್ಟಿದ ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳಲ್ಲಿ ಅದೂ ಒಂದು. ಸಹಕಾರಿ ಅಂದ ಮೇಲೆ ಬಿಲ್ ಕಟ್ಟೋ ಸದಸ್ಯರೇ ಮಾಲೀಕರು. ಅವರ ದುಡ್ಡಲ್ಲಿ ಬಂದ ಟಿ.ಸಿ.ಯ ತಪಾಸಣಾ ವರದಿ ಅವರು ಕೇಳಿದರೆ ನೋಡೋಕೆ ಸಿಗಬೇಕು ಅನ್ನೋದು ಕ್ರಾಂತಿಕಾರಿ ಬೇಡಿಕೆಯೇನಲ್ಲ. ಹೆಸ್ಕಾಂ ಕಡೆಗೂ ಅದೇ ಮಾತು ಹೇಳಬಹುದು. ಅದು ಸರ್ಕಾರದ ಕಂಪನಿ, ದುಡ್ಡು ಅಲ್ಲೂ ಜನರದ್ದೇ.

ನನ್ನ ಸಲಹೆ ದೊಡ್ಡದಲ್ಲ. ಪ್ರತಿ ಟಿ.ಸಿ.ಯ ನೇಮ್‌ಪ್ಲೇಟ್ ಮೇಲೆ ಸೀರಿಯಲ್ ನಂಬರ್ ಇರುತ್ತೆ. ಆ ನಂಬರ್ ಕೊಟ್ಟರೆ ಒಂದು ಪುಟ ಸಿಗೋ ಹಾಗಿರಲಿ: ನೋ-ಲೋಡ್ ಲಾಸ್, ಲೋಡ್ ಲಾಸ್, ಮೂರೂ ಫೇಸ್‌ನ ರೆಸಿಸ್ಟೆನ್ಸ್, ಅಳೆದಾಗಿನ ಎಣ್ಣೆಯ ತಾಪಮಾನ ಮೇಲೆ ಎಷ್ಟು ಕೆಳಗೆ ಎಷ್ಟು, ಡೀವಿಯೇಷನ್‌ಗಳು, ಮತ್ತು ಒಪ್ಪಿದ ಕಾರಣ. ಟಿ.ಸಿ. ಸುಟ್ಟಾಗ ಲೈನ್‌ಮನ್ ಕೂಡ ಅದನ್ನು ನೋಡಲಿ, ರೈತರೂ ನೋಡಲಿ.

ನಮ್ಮಲ್ಲಿ ಕೆಲವರು ಇನ್ನು ಮೂರು ವರ್ಷದಲ್ಲಿ ಇಂಥ ಟೆಸ್ಟ್ ಬೆಂಚ್ ಮುಂದೆ ಪೆನ್ನು ಹಿಡಿದು ನಿಂತಿರ್ತಾರೆ, ಬಹುಶಃ ಬೆಳಗಾವಿ ಜಿಲ್ಲೆಗೇ ಹೋಗೋ ಟಿ.ಸಿ.ಗಳ ಎದುರು. ಅವರಿಗೆ ನನ್ನ ಕೋರಿಕೆ ಒಂದೇ. ಲ್ಯಾಬ್‌ನಲ್ಲಿ ಎಸ್‌ಸಿ ಟೆಸ್ಟ್ ಮಾಡೋವಾಗ ರೆಕಾರ್ಡ್ ಬುಕ್‌ನಲ್ಲಿ ತಾಪಮಾನಕ್ಕೆ ಒಂದು ಕಾಲಂ ಹಾಕಿ, ಎಲ್ಲಿ ಅಳೆದದ್ದು ಅಂತಲೂ ಪಕ್ಕದಲ್ಲಿ ಬರೀರಿ. ಮೇಡಂ ಮಾರ್ಕ್ಸ್ ಕೊಡ್ತಾರೋ ಇಲ್ವೋ ಗೊತ್ತಿಲ್ಲ, ಆದರೆ ಅಭ್ಯಾಸ ಅಲ್ಲೇ ಶುರುವಾಗಲಿ.